ಮೈಸೂರಿನ ತಟ್ಟೆ ಹುಬ್ಬಳ್ಳಿಗೆ ಹೋದಾಗ: ಒಂದು ದೂರಿಗೆ ಉತ್ತರ ಬರೆದ ಬಗೆ

ವಿಷುವಿನ ಹಿಂದಿನ ದಿನ, ಮಂಗಳವಾರ, ಸಂಜೆ 7.20ಕ್ಕೆ ಮೈಸೂರಿನಿಂದ ಒಂದು ವಾಟ್ಸಾಪ್ ಬಂತು. ಮೊದಲು ಫೋಟೊ, ಆಮೇಲೆ ನಾಲ್ಕು ಸಾಲು.

"ನಾನು ಆರ್ಡರ್ ಮಾಡಿದ್ದು ಊಟದ ತಟ್ಟೆ. ನೀವು ಕಳ್ಸಿರೋದು ತಿಂಡಿ ತಟ್ಟೆ. ಶುಕ್ರವಾರ ಗೃಹಪ್ರವೇಶ. ಈಗ ನಾನೇನ್ ಮಾಡ್ಲಿ ಹೇಳಿ."

ಕಾಸರಗೋಡಿನ ಪೆರ್ಲದ ಹತ್ತಿರ ನಮ್ಮದೊಂದು ಸಣ್ಣ ಅಡಿಕೆ ಹಾಳೆ ತಟ್ಟೆ ಘಟಕ ಇದೆ. ಯಂತ್ರ, ಹಾಳೆ, ಕೆಲಸದವರು ಎಲ್ಲ ಭಾವನ ಕಡೆ. ಆರ್ಡರ್ ಬರೆದುಕೊಳ್ಳುವುದು, ಬಿಲ್ಲು, ಗ್ರಾಹಕರ ಜೊತೆ ಮಾತು ನನ್ನ ಕಡೆ. ತಪ್ಪು ವಸ್ತು ಹೋದ ದೂರು ಮೊದಲೂ ಬಂದಿತ್ತು. ಆದರೆ ಈ ಒಂದು ದೂರನ್ನು ನಾನು ಪುಸ್ತಕದಲ್ಲಿ ಗಂಟೆ ಸಮೇತ ಬರೆದಿಟ್ಟಿದ್ದೇನೆ. ಇಂಥ ಸಣ್ಣ ವ್ಯಾಪಾರ ಮಾಡುವವರಿಗೆ ಉಪಯೋಗ ಆಗಬಹುದು ಅಂತ ಪೂರ್ತಿ ಹೇಳುತ್ತೇನೆ.

ಆ ಮೇಡಂ ಕೇಳಿದ್ದು 12 ಇಂಚಿನ ದುಂಡು ತಟ್ಟೆ 150. ನಾವು 25ರ ಕಟ್ಟು ಮಾಡುತ್ತೇವೆ, ಹಾಗಾಗಿ 6 ಕಟ್ಟು. ತಟ್ಟೆಗೆ ₹8ರಂತೆ ₹1,200, ಕೊರಿಯರ್ ₹240. ಹಣ ಮೊದಲೇ ಯುಪಿಐಯಲ್ಲಿ ಬಂದಿತ್ತು. ಅವರ ಮನೆಗೆ ಮುಟ್ಟಿದ್ದು 8 ಇಂಚಿನ 300 ತಟ್ಟೆ, 12 ಕಟ್ಟು. ಸಂಖ್ಯೆ ನೋಡಿದರೆ ಜಾಸ್ತಿಯೇ ಬಂದಿದೆ. ಆದರೆ 8 ಇಂಚಿನಲ್ಲಿ ಎರಡು ಇಡ್ಲಿ, ಚಟ್ನಿ ಹಿಡಿಯುತ್ತದೆ ಅಷ್ಟೆ. ಅನ್ನ, ಸಾರು, ಎರಡು ಪಲ್ಯ, ಹೋಳಿಗೆ ಬಡಿಸಲು ಆಗುವುದಿಲ್ಲ. ಸಾರು ಅಂಚು ದಾಟಿ ಬಂದವರ ಸೀರೆಗೆ ಇಳಿಯುತ್ತದೆ.

ಕಳಿಸದೆ ಉಳಿದ ಉತ್ತರ

ಆ ಹೊತ್ತಿಗೆ ಫೋನು ನನ್ನ ನಾದಿನಿಯ ಕೈಯಲ್ಲಿತ್ತು. ಕಾಲೇಜು ರಜೆಯಲ್ಲಿ ನನಗೆ ಸಹಾಯ ಮಾಡುತ್ತಿದ್ದಳು. ಅವಳು ಒಂದು ಉತ್ತರ ಬರೆದು, ಕಳಿಸುವ ಮೊದಲು ನನಗೆ ತೋರಿಸಿದಳು. ಅದು ಹೀಗಿತ್ತು:

"ಮಾನ್ಯ ಗ್ರಾಹಕರೇ, ನಿಮಗೆ ಯಾವುದೇ ಅನಾನುಕೂಲತೆ ಉಂಟಾಗಿದ್ದಲ್ಲಿ ವಿಷಾದಿಸುತ್ತೇವೆ. ದಯವಿಟ್ಟು ಪೆಟ್ಟಿಗೆ ತೆರೆದ ವಿಡಿಯೊ ಕಳುಹಿಸಿ. ವಸ್ತು ನಮಗೆ ಹಿಂತಿರುಗಿ ಬಂದು ಪರಿಶೀಲನೆಯಾದ ನಂತರ 7ರಿಂದ 10 ದಿನಗಳಲ್ಲಿ ಬದಲಿ ಕಳುಹಿಸಲಾಗುವುದು."

ಅವಳ ತಪ್ಪೇನಿಲ್ಲ. ದೊಡ್ಡ ಕಂಪನಿಗಳಿಂದ ನಮಗೆಲ್ಲ ಬರುವುದು ಇಂಥ ಉತ್ತರವೇ ತಾನೆ. ಆದರೆ ಇದು ಹೋಗಿದ್ದರೆ ಆ ಮೇಡಂಗೆ ಹೇಗಾಗುತ್ತಿತ್ತು ಎಂದು ಇಬ್ಬರೂ ಕೂತು ಒಂದೊಂದೇ ಸಾಲು ನೋಡಿದೆವು.

"ಉಂಟಾಗಿದ್ದಲ್ಲಿ" ಎಂದರೆ ಏನರ್ಥ? ತೊಂದರೆ ಆಗಿದೆಯೋ ಇಲ್ಲವೋ ನಮಗೆ ಇನ್ನೂ ಅನುಮಾನ ಅಂತ ಅರ್ಥ. ಅವರು ಫೋಟೊ ಹಾಕಿದ್ದಾರೆ, ಶುಕ್ರವಾರ ಗೃಹಪ್ರವೇಶ ಅಂದಿದ್ದಾರೆ. ಅದರಲ್ಲಿ ಅನುಮಾನ ಪಡಲು ಏನೂ ಉಳಿದಿಲ್ಲ. "ವಿಷಾದಿಸುತ್ತೇವೆ" ಎನ್ನುವುದು ಮಳೆ ಬಂದು ಕಾರ್ಯಕ್ರಮ ನಿಂತಾಗ ಹೇಳುವ ಮಾತು. ಅದರಲ್ಲಿ ತಪ್ಪು ಮಾಡಿದವರು ಯಾರೂ ಇರುವುದಿಲ್ಲ. ಇಲ್ಲಿ ಮಾಡಿದವರು ಇದ್ದಾರೆ, ನಾವೇ. ಹಾಗಾಗಿ "ತಪ್ಪು ನಮ್ಮದು" ಎಂದು ಬರೆಯಬೇಕು. "ತಪ್ಪಾಗಿದೆ" ಎಂದರೂ ಸಾಲದು. ಅದು ತಾನಾಗಿಯೇ ಆದ ಹಾಗೆ ಕೇಳುತ್ತದೆ.

ವಿಡಿಯೊ ಕೇಳುವುದು ಇನ್ನೂ ಕಷ್ಟದ ವಿಷಯ. ತಟ್ಟೆ ಒಡೆದಿದೆ, ಕಡಿಮೆ ಇದೆ ಎಂದಾಗ ವಿಡಿಯೊಗೆ ಒಂದು ಅರ್ಥ ಇದೆ. ಕೊರಿಯರಿನವರ ಹತ್ತಿರ ಪರಿಹಾರ ಕೇಳಲು ಬೇಕಾಗುತ್ತದೆ. ಆದರೆ ಫೋಟೊದಲ್ಲಿ ನಮ್ಮದೇ ಕಟ್ಟು, ಕಟ್ಟಿನ ಮೇಲೆ ನಮ್ಮದೇ ಕೈಬರಹದಲ್ಲಿ "8" ಅಂತ ಕಾಣುತ್ತಿದೆ. ಮತ್ತೆ ವಿಡಿಯೊ ಕೇಳಿದರೆ, ನಿಮ್ಮ ಮಾತು ನಾವು ನಂಬುವುದಿಲ್ಲ ಎಂದ ಹಾಗೆ.

ಇನ್ನು "ವಸ್ತು ಹಿಂತಿರುಗಿ ಬಂದ ನಂತರ" ಎಂಬ ಷರತ್ತು. 1930ರ ಸರಕು ಮಾರಾಟ ಕಾಯ್ದೆಯ 43ನೇ ಸೆಕ್ಷನ್ನು ಇದರ ಬಗ್ಗೆ ನೇರವಾಗಿ ಹೇಳುತ್ತದೆ. ಬೇರೆ ಒಪ್ಪಂದ ಇಲ್ಲದಿದ್ದರೆ, ತಿರಸ್ಕರಿಸುವ ಹಕ್ಕಿರುವ ಕೊಳ್ಳುಗ ಆ ಸರಕನ್ನು ವಾಪಸ್ ಮುಟ್ಟಿಸಬೇಕಾಗಿಲ್ಲ. ನನಗೆ ಬೇಡ ಎಂದು ಮಾರಿದವನಿಗೆ ತಿಳಿಸಿದರೆ ಸಾಕು. ವಾಪಸ್ ತರಿಸಿಕೊಳ್ಳುವುದು ಮಾರಿದವನ ಕೆಲಸ. ಬೇರೆ ಬೇರೆ ನಿಯಮ ಹಾಕಿಕೊಂಡ ಅಂಗಡಿಗಳಿವೆ, ಸರಿ. ನಾವು ಬಿಲ್ಲಿನಲ್ಲಿ ಅಂಥದ್ದೇನೂ ಬರೆದಿರಲಿಲ್ಲ.

ಕೊನೆಯದು 7ರಿಂದ 10 ದಿನ. ಇ-ಕಾಮರ್ಸ್ ಗ್ರಾಹಕ ನಿಯಮಗಳು, 2020 ಇವೆ. ಅವುಗಳ ಪ್ರಕಾರ ದೂರು ಮುಟ್ಟಿತು ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. 10 ದಿನ ಅದರೊಳಗೇ ಬರುತ್ತದೆ. ಆದರೆ ಶುಕ್ರವಾರ ಮಧ್ಯಾಹ್ನ 150 ಜನ ಊಟಕ್ಕೆ ಕೂರುವ ಮನೆಗೆ ಆ ಲೆಕ್ಕದಿಂದ ಏನು ಪ್ರಯೋಜನ? ಅವರ ಗಡುವು ಶುಕ್ರವಾರ. ನಮ್ಮದೂ ಅದೇ ಆಗಬೇಕಿತ್ತು.

ಮೊದಲ ಉತ್ತರ, 7.35

ಪರಿಹಾರ ಗೊತ್ತಾಗುವವರೆಗೆ ಸುಮ್ನೆ ಇರುವುದು ದೊಡ್ಡ ತಪ್ಪು. ಪರಿಹಾರ ಗೊತ್ತಾಗುವ ಮೊದಲೇ ಮಾತು ಕೊಡುವುದು ಅದಕ್ಕಿಂತ ದೊಡ್ಡ ತಪ್ಪು. ಅದಕ್ಕೆ ಉತ್ತರವನ್ನು ಎರಡು ಮಾಡಿದೆ. ಮೊದಲನೆಯದು 15 ನಿಮಿಷದಲ್ಲಿ ಹೋಯಿತು:

"ಮೇಡಂ, ನಮಸ್ಕಾರ. ಫೋಟೊ ನೋಡಿದೆ. ನೀವು ಕೇಳಿದ್ದು 12 ಇಂಚಿನ 150 ತಟ್ಟೆ. ನಾವು ಕಳಿಸಿದ್ದು 8 ಇಂಚಿನದ್ದು. ತಪ್ಪು ನಮ್ಮದು, ಕ್ಷಮಿಸಿ. ಶುಕ್ರವಾರಕ್ಕೆ ಮೊದಲು ಸರಿಯಾದ ತಟ್ಟೆ ಹೇಗೆ ಮುಟ್ಟಿಸಬಹುದು ಎಂದು ಈಗಲೇ ನೋಡುತ್ತಿದ್ದೇನೆ. ರಾತ್ರಿ 9ರೊಳಗೆ ನಾನೇ ಬರೆಯುತ್ತೇನೆ. ಬಂದ ತಟ್ಟೆ ಹಾಗೇ ಇರಲಿ, ನೀವು ಸದ್ಯಕ್ಕೆ ಏನೂ ಮಾಡಬೇಕಾಗಿಲ್ಲ."

ಇದರಲ್ಲಿ "ಶುಕ್ರವಾರಕ್ಕೆ ಮುಟ್ಟಿಸುತ್ತೇನೆ" ಎಂದು ಬರೆದಿಲ್ಲ ಎಂಬುದನ್ನು ಗಮನಿಸಿ. ಬರೆಯಲು ಕೈ ತುರಿಸುತ್ತಿತ್ತು. ಆದರೆ ಆಗ ನನಗೆ ಸ್ಟಾಕು ಎಷ್ಟಿದೆ ಎಂದೇ ಗೊತ್ತಿರಲಿಲ್ಲ. ಕೊಟ್ಟದ್ದು ಒಂದೇ ಮಾತು, 9 ಗಂಟೆಯೊಳಗೆ ಬರೆಯುತ್ತೇನೆ ಅಂತ. ಅದು ನನ್ನ ಕೈಯಲ್ಲೇ ಇದ್ದದ್ದು. ಕೇಳಿದ್ದು, ಕಳಿಸಿದ್ದು ಎರಡನ್ನೂ ಅಳತೆ ಸಮೇತ ಮತ್ತೆ ಬರೆದದ್ದಕ್ಕೂ ಕಾರಣ ಇದೆ. ನಾನು ಅವರ ದೂರನ್ನು ಸರಿಯಾಗಿ ಓದಿದ್ದೇನೆ ಎಂದು ಅವರಿಗೆ ಗೊತ್ತಾಗಬೇಕು. ನನ್ನ ತಿಳುವಳಿಕೆಯೇ ತಪ್ಪಿದ್ದರೆ ಅವರು ಅಲ್ಲಿಯೇ ತಿದ್ದಬಹುದು. ತಪ್ಪು ಬದಲಿ ಕಳಿಸಿದರೆ ಅದಕ್ಕೆ ಕ್ಷಮೆಯೇ ಇಲ್ಲ.

ಇನ್ನೊಂದು ಪೆಟ್ಟಿಗೆ

ಆಮೇಲೆ ಸ್ಟಾಕು ನೋಡಲು ಶೆಡ್ಡಿಗೆ ಹೋದೆ. ಭಾವ ಯಂತ್ರ ಒರೆಸುತ್ತಿದ್ದರು. ವಿಷಯ ಹೇಳಿದೆ. ಅವರು ಮೊದಲು ಕೇಳಿದ್ದು ಸ್ಟಾಕಿನ ಬಗ್ಗೆ ಅಲ್ಲ.

"ಮೈಸೂರಿಗೆ 8 ಇಂಚು ಹೋಗಿದ್ದರೆ, ಅವರ 12 ಇಂಚು ಎಲ್ಲಿಗೆ ಹೋಯಿತು?"

ನಾನು ಇದನ್ನು ಯೋಚಿಸಿಯೇ ಇರಲಿಲ್ಲ. ಕಪಾಟಿನಿಂದ ತಪ್ಪು ಕಟ್ಟು ತೆಗೆದು ತುಂಬಿದ್ದಾದರೆ ಒಬ್ಬರಿಗೇ ತೊಂದರೆ, ಸರಿಯಾದ ತಟ್ಟೆ ಕಪಾಟಿನಲ್ಲೇ ಉಳಿದಿರುತ್ತದೆ. ವಿಳಾಸದ ಚೀಟಿ ಅದಲುಬದಲಾಗಿದ್ದರೆ ಇನ್ನೊಬ್ಬರ ಮನೆಯಲ್ಲೂ ತಪ್ಪು ಪೆಟ್ಟಿಗೆ ಇದೆ, ಅವರಿನ್ನೂ ಬಿಚ್ಚಿಲ್ಲ ಅಷ್ಟೆ. ಈ ಎರಡರಲ್ಲಿ ಯಾವುದು ಎಂದು ತಿಳಿಯದೆ ಉತ್ತರ ಬರೆದರೆ ಅರ್ಧ ಕೆಲಸ.

ತಿಳಿಯುವ ದಾರಿ ಕೊರಿಯರ್ ರಸೀದಿಯಲ್ಲೇ ಇತ್ತು. ಬುಕ್ ಮಾಡುವಾಗ ಕೌಂಟರಿನಲ್ಲಿ ಪ್ರತಿ ಪೆಟ್ಟಿಗೆ ತೂಗುತ್ತಾರೆ, ರಸೀದಿಯಲ್ಲಿ ಅಚ್ಚಾಗುತ್ತದೆ. ಅದೇ ದಿನ ಹೋದ ಇನ್ನೊಂದು ಆರ್ಡರ್ ಹುಬ್ಬಳ್ಳಿಯ ಕ್ಯಾಂಟೀನ್ ಒಂದರದ್ದು, 8 ಇಂಚಿನ 300. ನಾವು ಎಲ್ಲದಕ್ಕೂ ಒಂದೇ ಅಳತೆಯ ರಟ್ಟಿನ ಪೆಟ್ಟಿಗೆ ಬಳಸುತ್ತಿದ್ದೆವು, ಹೊರಗಿನಿಂದ ನೋಡಿದರೆ ಎರಡೂ ಒಂದೇ. ಆದರೆ 12 ಇಂಚಿನ ಒಂದು ಕಟ್ಟು ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು ತೂಗುತ್ತದೆ. ಆರು ಕಟ್ಟು, ಪೆಟ್ಟಿಗೆ ಸೇರಿ 6.8 ಕಿಲೋ ಆಗಬೇಕು. 8 ಇಂಚಿನ ಹನ್ನೆರಡು ಕಟ್ಟು 5.4 ಕಿಲೋ. ರಸೀದಿ ತೆಗೆದು ನೋಡಿದರೆ ಮೈಸೂರಿನ ಹೆಸರಿನಲ್ಲಿ 5.4, ಹುಬ್ಬಳ್ಳಿಯ ಹೆಸರಿನಲ್ಲಿ 6.8. ಚೀಟಿಯೇ ಬದಲಾಗಿತ್ತು. ಎರಡು ಪೆಟ್ಟಿಗೆಗೂ ಟೇಪು ಹಾಕಿ ಮುಚ್ಚಿದ ಮೇಲೆ ಒಟ್ಟಿಗೆ ಚೀಟಿ ಅಂಟಿಸಿದ್ದರು.

ರಾತ್ರಿ 8ಕ್ಕೆ ಹುಬ್ಬಳ್ಳಿಗೆ ನಾನೇ ಫೋನ್ ಮಾಡಿದೆ. ಅವರು ದೂರು ಕೊಟ್ಟಿರಲಿಲ್ಲ, ಹಾಗಾಗಿ ಬರೆದು ಕಳಿಸುವುದಕ್ಕಿಂತ ಮಾತಾಡುವುದೇ ಸರಿ ಎನ್ನಿಸಿತು. "ನಿಮ್ಮ ಪೆಟ್ಟಿಗೆಯಲ್ಲಿ ಬೇರೆಯವರ ತಟ್ಟೆ ಬಂದಿದೆ, ನಮ್ಮಿಂದ ತಪ್ಪಾಯಿತು" ಎಂದೆ. ಆ ಯಜಮಾನರು ಒಂದು ನಿಮಿಷ ಫೋನ್ ಹಿಡಿದುಕೊಂಡೇ ಹೋಗಿ ನೋಡಿ ಬಂದರು. "ಪೆಟಗಿ ಇನ್ನಾ ಬಿಚ್ಚಿಲ್ರೀ. ನಮಗ ಅವಸರ ಏನಿಲ್ಲ, ಬರೋ ಮಂಗಳವಾರದೊಳಗ ಮುಟ್ಟಿದ್ರ ಸಾಕು" ಎಂದರು. ನಾವು ಹೇಳುವ ಮೊದಲೇ ಅವರಿಗೆ ಗೊತ್ತಾಗಿದ್ದರೆ ಮಾತು ಬೇರೆ ಇರುತ್ತಿತ್ತು. ಅವರ ಗಡುವು ಗೊತ್ತಾದದ್ದು ದೊಡ್ಡ ಉಪಕಾರವಾಯಿತು. ಇದ್ದ ಶಕ್ತಿಯನ್ನೆಲ್ಲ ಮೈಸೂರಿಗೆ ಹಾಕಬಹುದಿತ್ತು.

ಆಗ ಭಾವ ಒಂದು ಉಪಾಯ ಹೇಳಿದರು. ಹುಬ್ಬಳ್ಳಿಯವರೇ ಆ ಪೆಟ್ಟಿಗೆಯನ್ನು ನೇರ ಮೈಸೂರಿಗೆ ಕಳಿಸಲಿ, ಖರ್ಚು ನಾವು ಕೊಡೋಣ ಅಂತ. ಕೇಳಲು ಸುಲಭ. ನಾನು ಬೇಡ ಎಂದೆ. ನಮ್ಮ ತಪ್ಪು ಸರಿ ಮಾಡಲು ಗ್ರಾಹಕರನ್ನು ಕೊರಿಯರ್ ಆಫೀಸಿಗೆ ಓಡಿಸಿದ ಹಾಗಾಗುತ್ತದೆ. ಒಬ್ಬರ ವಿಳಾಸ, ಫೋನ್ ನಂಬರನ್ನು ಅವರನ್ನು ಕೇಳದೆ ಇನ್ನೊಬ್ಬರಿಗೆ ಕೊಟ್ಟ ಹಾಗೂ ಆಗುತ್ತದೆ. ಅದೂ ಅಲ್ಲದೆ, ಆ ಪೆಟ್ಟಿಗೆಯಲ್ಲಿ ನಿಜವಾಗಿ ಏನಿದೆ ಎಂದು ನಮ್ಮ ಕಣ್ಣಾರೆ ನೋಡಿಲ್ಲ. ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದು ಒಪ್ಪಿದರು.

ಗಡುವಿನಿಂದ ಹಿಂದಕ್ಕೆ ಎಣಿಸಿದ್ದು

ಸ್ಟಾಕಿನಲ್ಲಿ 12 ಇಂಚಿನದ್ದು 4 ಕಟ್ಟು, ಅಂದರೆ 100 ತಟ್ಟೆ. ಇನ್ನು 50 ಒತ್ತಬೇಕು. ಹಾಳೆ ತೊಳೆದು ನೆನೆಸಿ, ಕಾದ ಅಚ್ಚಿನಲ್ಲಿ ಒತ್ತಿದರೆ ತಟ್ಟೆ ಬೇಗ ಆಗುತ್ತದೆ. ತೊಂದರೆ ಇರುವುದು ಅದರ ನಂತರ. ಬಿಸಿ, ತೇವ ಇರುವಾಗಲೇ ಪ್ಲಾಸ್ಟಿಕ್ ಸುತ್ತಿದರೆ ಒಳಗೆ ಬೆವರು ಬಿಟ್ಟು ಬೂಸ್ಟು ಬರುತ್ತದೆ. ಅವಸರದಲ್ಲಿ ಅದೊಂದು ಮಾಡಿದರೆ, ತಪ್ಪು ತಟ್ಟೆಯ ಬದಲಿಗೆ ಹಾಳಾದ ತಟ್ಟೆ ಕಳಿಸಿದ ಹಾಗೆ. ಏಪ್ರಿಲ್ ಬಿಸಿಲು ಇದ್ದದ್ದು ನಮ್ಮ ಪುಣ್ಯ. ಬೆಳಿಗ್ಗೆ ಒತ್ತಿದರೆ ಮಧ್ಯಾಹ್ನಕ್ಕೆ ಒಣಗಿ ಕಟ್ಟಲು ಆಗುತ್ತದೆ ಎಂದು ಭಾವ ಹೇಳಿದರು.

ಇನ್ನು ದಾರಿ. ಮರುದಿನ ಬುಧವಾರ ವಿಷು. ಕೇರಳದಲ್ಲಿ ರಜೆ, ನಮ್ಮೂರಿನ ಕೊರಿಯರ್ ಬಾಗಿಲು ತೆಗೆಯುವುದಿಲ್ಲ. ಗುರುವಾರ ಕೊಟ್ಟರೆ ಶುಕ್ರವಾರ ಮೈಸೂರಿಗೆ ಮುಟ್ಟುವುದು ಕನಸಿನ ಮಾತು. ಗಡಿಯಲ್ಲಿ ಇರುವ ನಮಗೆ ಇದೊಂದು ಯಾವತ್ತಿನ ಕಷ್ಟ. ಇಲ್ಲಿಯ ರಜೆ ಅಲ್ಲಿಯವರಿಗೆ ಗೊತ್ತಿರುವುದಿಲ್ಲ. "ಎರಡು ದಿನದಲ್ಲಿ" ಎಂದು ಬರೆದರೆ ಅವರ ಕ್ಯಾಲೆಂಡರಿನಲ್ಲಿ ಎಣಿಸುತ್ತಾರೆ, ನಮ್ಮ ಕ್ಯಾಲೆಂಡರಿನಲ್ಲಿ ಅದು ಮೂರು ದಿನ ಆಗಿರುತ್ತದೆ. ಅದಕ್ಕೇ ನಾನು "ಎರಡು ದಿನ", "ಆದಷ್ಟು ಬೇಗ" ಎಂದೆಲ್ಲ ಬರೆಯುವುದನ್ನು ಬಿಟ್ಟಿದ್ದೇನೆ. ವಾರ ಮತ್ತು ಗಂಟೆ ಬರೆಯುತ್ತೇನೆ.

ಆದರೆ ಅದೇ ಗಡಿ ಈ ಸಲ ನಮ್ಮನ್ನು ಕಾಪಾಡಿತು. ಪೆರ್ಲದಿಂದ ಪುತ್ತೂರು ಬೈಕಿನಲ್ಲಿ ಹೋಗಿ ಬರುವಷ್ಟು ಹತ್ತಿರ, ಅಲ್ಲಿಂದ ಮೈಸೂರಿಗೆ ಬಸ್ಸಿದೆ. ಬುಧವಾರ ಸಂಜೆ ಬಸ್ಸಿಗೆ ಪಾರ್ಸೆಲ್ ಹಾಕಿದರೆ ರಾತ್ರಿ ಮೈಸೂರಿನಲ್ಲಿ ಇಳಿಯುತ್ತದೆ. ಬಸ್ ಪಾರ್ಸೆಲಿನಲ್ಲಿ ಒಂದು ಕೊರತೆ ಇದೆ, ಅದು ಮನೆ ಬಾಗಿಲಿಗೆ ಬರುವುದಿಲ್ಲ. ನಿಲ್ದಾಣಕ್ಕೆ ಹೋಗಿ ಬಿಡಿಸಿಕೊಳ್ಳಬೇಕು. ಗೃಹಪ್ರವೇಶದ ಹಿಂದಿನ ದಿನ ಆ ಮನೆಯವರಿಗೆ ಆ ಕೆಲಸ ಹೇಳುವುದು ಸರಿಯಲ್ಲ. ಭಾವನ ಮಗ ಮೈಸೂರಿನಲ್ಲೇ ಓದುತ್ತಿದ್ದಾನೆ. ಬೆಳಿಗ್ಗೆ ನಿಲ್ದಾಣದಿಂದ ಬಿಡಿಸಿ ಆಟೋದಲ್ಲಿ ಅವರ ಮನೆಗೆ ಮುಟ್ಟಿಸಲು ಅವನನ್ನು ಒಪ್ಪಿಸಿದೆವು.

ನನ್ನ ಲೆಕ್ಕದಲ್ಲಿ ಗುರುವಾರ ಬೆಳಿಗ್ಗೆ 10ಕ್ಕೆ ತಟ್ಟೆ ಅವರ ಮನೆಯಲ್ಲಿ. ಬರೆದದ್ದು ಮಧ್ಯಾಹ್ನ 12. ಬಸ್ಸು ಕೆಡಬಹುದು, ಹುಡುಗ ನಿದ್ದೆ ಮಾಡಬಹುದು. 10 ಎಂದು ಬರೆದು 11ಕ್ಕೆ ಮುಟ್ಟಿಸಿದರೆ ಅದು ಎರಡನೆಯ ತಪ್ಪು. 12 ಎಂದು ಬರೆದು 11ಕ್ಕೆ ಮುಟ್ಟಿಸಿದರೆ ಅವರಿಗೆ ನೆಮ್ಮದಿ.

12 ಗಂಟೆಗೂ ಬರದಿದ್ದರೆ? ಈ ಪ್ರಶ್ನೆ ಅವರ ತಲೆಯಲ್ಲಿ ಖಂಡಿತ ಬರುತ್ತದೆ, ಹಾಗಾಗಿ ಅದಕ್ಕೆ ಉತ್ತರ ಅದೇ ಸಂದೇಶದಲ್ಲೇ ಇರಬೇಕು. ಬದಲಿ ದಾರಿಗೆ ಇನ್ನೂ ಸಮಯ ಉಳಿದಿರುವ ಹೊತ್ತಿನಲ್ಲೇ ಆ ತೀರ್ಮಾನ ಆಗಬೇಕು. ಗುರುವಾರ ರಾತ್ರಿ ಅಂಗಡಿ ಮುಚ್ಚಿದ ಮೇಲೆ "ಬರಲಿಲ್ಲ, ಕ್ಷಮಿಸಿ" ಎಂದರೆ ಆ ಕ್ಷಮೆಗೆ ಬೆಲೆ ಇಲ್ಲ.

ಎರಡನೆಯ ಉತ್ತರ, 8.50

"ಮೇಡಂ, ನೋಡಿದೆ. ಎರಡು ಪೆಟ್ಟಿಗೆಯ ವಿಳಾಸದ ಚೀಟಿ ನಮ್ಮಲ್ಲಿ ಅದಲುಬದಲಾಗಿದೆ. ನಿಮ್ಮ ತಟ್ಟೆ ಬೇರೆ ಊರಿಗೆ ಹೋಗಿದೆ. ನಮ್ಮ ಕೈತಪ್ಪಿನಿಂದ ನಿಮ್ಮ ಗೃಹಪ್ರವೇಶದ ತಯಾರಿಯ ನಡುವೆ ಈ ಚಿಂತೆ ಬಂತು. ಮನಸಾರೆ ಕ್ಷಮೆ ಕೇಳುತ್ತೇನೆ.

ಈಗ ಮಾಡುವುದು ಇಷ್ಟು. 12 ಇಂಚಿನ 150 ತಟ್ಟೆ ನಾಳೆ ಬುಧವಾರ ಸಂಜೆ ಪುತ್ತೂರಿನಿಂದ ಬಸ್ಸಿನಲ್ಲಿ ಹೊರಡುತ್ತದೆ. ಗುರುವಾರ ಬೆಳಿಗ್ಗೆ ನಮ್ಮ ಮನೆಯ ಹುಡುಗ ನಿಲ್ದಾಣದಿಂದ ತಂದು ನಿಮ್ಮ ಮನೆಗೆ ಕೊಡುತ್ತಾನೆ. ಮಧ್ಯಾಹ್ನ 12ರೊಳಗೆ ನಿಮ್ಮ ಕೈಯಲ್ಲಿ ಇರುತ್ತದೆ. ಇದಕ್ಕೆ ನೀವು ಏನೂ ಕೊಡಬೇಕಾಗಿಲ್ಲ.

12 ಗಂಟೆಗೆ ತಟ್ಟೆ ಬಂದಿಲ್ಲ ಎಂದಾದರೆ ಕಾಯಬೇಡಿ, ನನಗೆ ಫೋನ್ ಮಾಡಿ. ಅದೇ ಹುಡುಗ ಮೈಸೂರಿನ ಅಂಗಡಿಯಲ್ಲಿ ಇದೇ ಅಳತೆಯ ತಟ್ಟೆ ಕೊಂಡು ಸಂಜೆ 5ರೊಳಗೆ ತಂದುಕೊಡುತ್ತಾನೆ. ಹೆಚ್ಚಿನ ಬೆಲೆ ನಮ್ಮದು.

ನೀವು ಕೊಟ್ಟ ಕೊರಿಯರ್ ಹಣ ₹240 ಈಗಲೇ ವಾಪಸ್ ಹಾಕುತ್ತಿದ್ದೇನೆ, ನೀವು ಹಣ ಕಳಿಸಿದ ನಂಬರಿಗೇ. ಹಣ ಬರಲು ನೀವು ಪಿನ್ ಹಾಕುವುದು, ಲಿಂಕ್ ಒತ್ತುವುದು ಏನೂ ಬೇಡ.

8 ಇಂಚಿನ ತಟ್ಟೆಯ ಬಗ್ಗೆ ಕಾರ್ಯಕ್ರಮ ಮುಗಿದ ಮೇಲೆ ಮಾತಾಡೋಣ. ನಾಳೆ ಬಸ್ಸಿಗೆ ಹಾಕಿದ ಕೂಡಲೇ ರಸೀದಿಯ ಫೋಟೊ ಕಳಿಸುತ್ತೇನೆ."

ಪಿನ್ನಿನ ಮಾತು ಯಾಕೆ ಎಂದು ನಾದಿನಿ ಕೇಳಿದಳು. ಹಣ ವಾಪಸ್ ಕೊಡುತ್ತೇವೆ ಎಂದು ಹೇಳಿ ಕ್ಯೂಆರ್ ಕೋಡ್ ಕಳಿಸಿ ಪಿನ್ ಹಾಕಿಸುವ ಮೋಸ ಎಲ್ಲ ಕಡೆ ಇದೆ. ಯುಪಿಐಯಲ್ಲಿ ಹಣ ಬರಲು ಪಿನ್ ಬೇಕಾಗಿಲ್ಲ, ಕಳಿಸಲು ಮಾತ್ರ ಬೇಕು. ನಮ್ಮ ಹೆಸರಿನಲ್ಲಿ ಬೇರೆ ಯಾರೋ ಅವರಿಗೆ ಸಂದೇಶ ಹಾಕಿದರೂ ಈ ಸಾಲು ಅವರನ್ನು ಕಾಪಾಡುತ್ತದೆ.

ತಪ್ಪಿನ ಕಾರಣವನ್ನು ಎರಡೇ ವಾಕ್ಯದಲ್ಲಿ ಹೇಳಿದ್ದೇನೆ. ಪ್ಯಾಕ್ ಮಾಡಿದವರು ಯಾರು, ಹಬ್ಬದ ಗಡಿಬಿಡಿ ಎಷ್ಟಿತ್ತು ಎಂದು ಬರೆದಿಲ್ಲ. ಕಾರಣ ಹೇಳದಿದ್ದರೆ ಮುಚ್ಚಿಟ್ಟ ಹಾಗೆ. ಉದ್ದ ಹೇಳಿದರೆ ನೆಪ ಹೇಳಿದ ಹಾಗೆ. ಮುಂದಿನ ಆರ್ಡರಿಗೆ 10 ಶೇಕಡಾ ರಿಯಾಯಿತಿ ಎಂದೂ ಬರೆಯಲಿಲ್ಲ. ಈ ಸಲದ ತಟ್ಟೆಯೇ ಮುಟ್ಟದೆ ಇರುವಾಗ ಮುಂದಿನ ವ್ಯಾಪಾರದ ಮಾತು ಎತ್ತುವುದು ಸರಿ ಕಾಣುವುದಿಲ್ಲ.

ಅವರಿಂದ ಬಂದದ್ದು ಒಂದೇ ಸಾಲು: "ಸರಿ. ಗುರುವಾರ 12. ನಂಬಿರ್ತೀನಿ."

ಬುಧವಾರ, ಗುರುವಾರ

ವಿಷು ಕಣಿ ನೋಡಿ, ಕಿರಿಯರಿಗೆ ಕೈನೀಟದ ದುಡ್ಡು ಕೊಟ್ಟು ಮುಗಿಸಿ, ಭಾವ 7 ಗಂಟೆಗೆ ಯಂತ್ರ ಹಚ್ಚಿದರು. ಹಬ್ಬದ ದಿನ ಕೆಲಸದವರನ್ನು ಕರೆಯಲಿಲ್ಲ. ನಾನು, ನಾದಿನಿ ಹಾಳೆ ಒರೆಸಿ ಕೊಟ್ಟೆವು. 56 ಒತ್ತಿದರು, ಅಂಚು ಸೀಳಿದ ನಾಲ್ಕು ತೆಗೆದಿಟ್ಟರು. ಅಂಗಳದಲ್ಲಿ ಅಡಿಕೆ ಒಣಗಿಸುವ ಜಾಗದಲ್ಲಿ ಸಾಲಾಗಿ ಹರಡಿದೆವು.

ಮಧ್ಯಾಹ್ನ ಕಟ್ಟುವ ಮೊದಲು ಒಂದು ತಟ್ಟೆಯ ಬೆನ್ನನ್ನು ಕೆನ್ನೆಗೆ ಒತ್ತಿ ನೋಡಿದೆ. ಅತ್ತೆಯವರಿಂದ ಕಲಿತ ವಿದ್ಯೆ ಇದು. ಬೆರಳಿಗೆ ಒಣಗಿದ ಹಾಗೆ ಕಂಡರೂ ಒಳಗೆ ತೇವ ಇದ್ದರೆ ಕೆನ್ನೆಗೆ ತಂಪು ತಾಗುತ್ತದೆ. ತಾಗಲಿಲ್ಲ. ಆಮೇಲೆ ಒಂದು ತಟ್ಟೆಯ ಮೇಲೆ ಅಳತೆಯ ಟೇಪು ಅಡ್ಡ ಹಿಡಿದು, 12ರ ಗೆರೆ ಅಂಚಿಗೆ ಬರುವಂತೆ ಫೋಟೊ ತೆಗೆದೆ. ಆರು ಕಟ್ಟನ್ನೂ ಪೆಟ್ಟಿಗೆಯಲ್ಲಿ ಇಟ್ಟು, ಮುಚ್ಚುವ ಮೊದಲು ಚೀಟಿಯೂ ಕಾಣುವಂತೆ ಇನ್ನೊಂದು ಫೋಟೊ. ಒಮ್ಮೆ ತಪ್ಪು ವಸ್ತು ಬಂದವರಿಗೆ ಎರಡನೆಯ ಪೆಟ್ಟಿಗೆ ಬಿಚ್ಚುವವರೆಗೂ ಎದೆ ಡವಡವ ಇರುತ್ತದೆ. ಈ ಎರಡು ಫೋಟೊ ಅದಕ್ಕೆ. ಪೆಟ್ಟಿಗೆ ತೂಗಿದೆ, 6.8.

ಪುತ್ತೂರಿನಿಂದ ಭಾವ ರಸೀದಿ ಕಳಿಸಿದ ಕೂಡಲೇ ಮೇಡಂಗೆ ಹಾಕಿದೆ. ಗುರುವಾರ ಬೆಳಿಗ್ಗೆ ಹುಡುಗ ನಿಲ್ದಾಣಕ್ಕೆ ಹೋದಾಗ ಪಾರ್ಸೆಲ್ ಕೌಂಟರಿನಲ್ಲಿ ಸಾಲು ಇತ್ತಂತೆ. 9.30ಕ್ಕೆ ಕೈಗೆ ಸಿಕ್ಕಿತು. ಆ ಹೊತ್ತಿಗೇ ನಾನು ಮೇಡಂಗೆ ಬರೆದೆ: "ತಟ್ಟೆ ಹುಡುಗನ ಕೈಗೆ ಬಂತು, ಆಟೋ ಹತ್ತಿದ್ದಾನೆ." 10.40ಕ್ಕೆ ಅವರ ಮನೆ ಮುಟ್ಟಿತು. ಬಾಗಿಲಲ್ಲೇ ಪೆಟ್ಟಿಗೆ ಬಿಚ್ಚಿ ಆರು ಕಟ್ಟು ಎಣಿಸಿ ತೋರಿಸಲು ಅವನಿಗೆ ಮೊದಲೇ ಹೇಳಿದ್ದೆ. ಎಣಿಸಿದ. ಅವರು ಒಳಗೆ ಕರೆದು ಮಜ್ಜಿಗೆ ಕೊಟ್ಟರಂತೆ.

ಉಳಿದ ಲೆಕ್ಕ

ಶುಕ್ರವಾರ ಪೂರ್ತಿ ನಾನು ಅವರಿಗೆ ಏನೂ ಬರೆಯಲಿಲ್ಲ. ಊಟ ಬಡಿಸುವ ಮನೆಯವರಿಗೆ ಫೋನ್ ನೋಡಲು ಪುರುಸೊತ್ತು ಇರುವುದಿಲ್ಲ. ಶನಿವಾರ ಸಂಜೆ ಕೇಳಿದೆ: "ಕಾರ್ಯಕ್ರಮ ಚೆನ್ನಾಗಿ ಆಯಿತಾ ಮೇಡಂ? 8 ಇಂಚಿನ ಪೆಟ್ಟಿಗೆ ತೆಗೆದುಕೊಂಡು ಹೋಗಲು ಕೊರಿಯರಿನವರನ್ನು ಕಳಿಸಲಾ? ನಿಮಗೆ ಯಾವ ದಿನ, ಯಾವ ಹೊತ್ತು ಅನುಕೂಲ?"

ಅವರು ಸಂಜೆಯ ತಿಂಡಿಗೆ ನಾಲ್ಕು ಕಟ್ಟು ಬಳಸಿಕೊಂಡಿದ್ದರು. ಅದರ ಹಣ ಕೊಡುತ್ತೇನೆ ಎಂದರು. ಬೇಡ ಎನ್ನಲು ಮನಸ್ಸಾಯಿತು. ಆದರೆ ಅವರು ಎರಡನೆಯ ಸಲ ಹೇಳಿದಾಗ, ತಟ್ಟೆಗೆ ₹3.50ರಂತೆ ₹350 ಎಂದು ಲೆಕ್ಕ ಹೇಳಿದೆ. ಬೇಕಾಗಿ ಬಳಸಿದ್ದಕ್ಕೆ ಕೊಡುತ್ತೇನೆ ಎನ್ನುವವರ ಮಾತನ್ನೂ ಗೌರವಿಸಬೇಕು ಅಲ್ವಾ. ನಾವಾಗಿ ಮೊದಲು ಕೇಳಿದ್ದರೆ ಅದು ತಪ್ಪಾಗುತ್ತಿತ್ತು. ಅವರು ಕೇಳದ ವಸ್ತು ಅವರ ಮನೆಗೆ ಕಳಿಸಿ, ಆಮೇಲೆ ಬಿಲ್ಲು ಹಾಕಿದ ಹಾಗೆ. ₹240 ವಾಪಸ್ ಕೊಟ್ಟದ್ದನ್ನು ಇದರ ಜೊತೆ ಕೂಡಿಸಿ ಕಳೆಯಲೂ ಇಲ್ಲ. ಅದು ನಮ್ಮ ತಪ್ಪಿನ ಹಣ, ಇದು ಅವರ ಖರೀದಿ. ಪುಸ್ತಕದಲ್ಲೂ ಎರಡು ಸಾಲಾಗಿ ಬರೆದೆ.

ಹುಬ್ಬಳ್ಳಿಯವರಿಗೆ ಗುರುವಾರ ಕೊರಿಯರ್ ತೆಗೆದ ಕೂಡಲೇ 8 ಇಂಚಿನ 12 ಕಟ್ಟು ಕಳಿಸಿದ್ದೆವು. ಸೋಮವಾರ ಮುಟ್ಟಿತು. ಬಿಚ್ಚದ ಪೆಟ್ಟಿಗೆಯನ್ನು ಅಲ್ಲಿಂದಲೇ ವಾಪಸ್ ಬುಕ್ ಮಾಡಿಸಿದೆವು, ಖರ್ಚು ನಮ್ಮದು. ಬಸ್ಸು, ಆಟೋ, ಪೆಟ್ರೋಲು, ಎರಡು ಕಡೆಯ ವಾಪಸ್ ಕೊರಿಯರ್ ಎಲ್ಲ ಸೇರಿಸಿದರೆ ಮೈಸೂರಿನ ಆರ್ಡರಿನ ಮೊತ್ತಕ್ಕಿಂತ ಖರ್ಚೇ ಜಾಸ್ತಿಯಾಯಿತು. ಭಾವನಿಗೆ ಆ ಲೆಕ್ಕ ತೋರಿಸಿದ ದಿನವೇ ಪ್ಯಾಕಿಂಗಿನ ಕ್ರಮ ಬದಲಾಯಿತು. ಈಗ ಖಾಲಿ ಪೆಟ್ಟಿಗೆಗೆ ಮೊದಲು ಚೀಟಿ ಅಂಟಿಸುತ್ತಾರೆ. ಆ ಚೀಟಿ ನೋಡಿಕೊಂಡೇ ಕಟ್ಟು ತುಂಬುತ್ತಾರೆ. ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಪೆಟ್ಟಿಗೆ. ಮುಚ್ಚಿದ ಮೇಲೆ ತೂಗಿ, ಪೆಟ್ಟಿಗೆಯ ಮೂಲೆಯಲ್ಲಿ ಮಾರ್ಕರಿನಲ್ಲಿ ತೂಕ ಬರೆಯುತ್ತಾರೆ. ಗೋಡೆಯ ಮೇಲೆ ಯಾವ ಅಳತೆಯ ಕಟ್ಟು ಎಷ್ಟು ತೂಗಬೇಕು ಎಂಬ ಪಟ್ಟಿ ಇದೆ. ಇದರಿಂದಲೂ ಎಲ್ಲ ತಪ್ಪು ಸಿಗುವುದಿಲ್ಲ. 10 ಇಂಚಿನ ದುಂಡು, 10 ಇಂಚಿನ ಚೌಕ ಹೆಚ್ಚುಕಡಿಮೆ ಒಂದೇ ತೂಕ. ಅವೆರಡಕ್ಕೆ ಮಾತ್ರ ಮುಚ್ಚುವ ಮೊದಲು ಫೋಟೊ ಕಡ್ಡಾಯ ಮಾಡಿದ್ದೇವೆ.

ಮುಂದಿನ ಬುಧವಾರ ಮೈಸೂರಿನಿಂದ ಉಳಿದ ಎಂಟು ಕಟ್ಟು ವಾಪಸ್ ಬಂತು. ಬಿಚ್ಚಿ ಒಂದೊಂದೇ ಕಟ್ಟು ಬೆಳಕಿಗೆ ಹಿಡಿದು ನೋಡಿದೆವು, ಬೂಸ್ಟು ಇರಲಿಲ್ಲ. ಪೆಟ್ಟಿಗೆಯ ತಳದಲ್ಲಿ ಒಂದು ಸಣ್ಣ ಡಬ್ಬಿ ಇತ್ತು, ಅದರ ಒಳಗೆ ಗೃಹಪ್ರವೇಶದ ಹೋಳಿಗೆ.